ಹಳೆಯ ಕಾರಿನ ಪರೀಕ್ಷೆ: ಸವೆತವೂ ವಿಕೃತಿಯೂ

ಹಳೆಯ ಕಾರನ್ನು ಕೊಳ್ಳಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಅದರ ಬಣ್ಣದ ಹೊಳಪನ್ನು ಮತ್ತು ಮೀಟರಿನಲ್ಲಿ ಕಾಣುವ ಕಿಲೋಮೀಟರುಗಳನ್ನು. ಇವೆರಡೂ ಮಾರುವವನು ಸುಲಭವಾಗಿ ತಿದ್ದಬಲ್ಲ ಸಂಗತಿಗಳೇ. ಪರೀಕ್ಷಿಸುವವನು ಮನಸ್ಸಿನಲ್ಲಿಡತಕ್ಕ ಭೇದವು ಬೇರೊಂದಿದೆ. ಟಯರು, ಬ್ರೇಕ್ ಪ್ಯಾಡು, ಕ್ಲಚ್ಚು, ಬ್ಯಾಟರಿ ಇವು ಸವೆಯುವುದಕ್ಕಾಗಿಯೇ ಇರುವ ಭಾಗಗಳಾದುದರಿಂದ ಅವುಗಳ ಸವೆತಕ್ಕೆ ಬೆಲೆ ಕಟ್ಟಬಹುದು, ಆ ಮೊತ್ತವನ್ನು ಕ್ರಯದಲ್ಲಿ ಕಳೆದುಕೊಳ್ಳಬಹುದು. ಆದರೆ ವಾಹನದ ಗುರುತು, ಅದರ ಅಸ್ಥಿಪಂಜರ, ಅದರ ವಿದ್ಯುತ್ ತಂತಿಗಳ ಜಾಲ, ಈ ಮೂರರಲ್ಲಿ ಒಂದು ವಿಕೃತವಾಗಿದ್ದರೂ ಎಷ್ಟು ರಿಯಾಯಿತಿಯಿತ್ತರೂ ವ್ಯಾಪಾರವನ್ನು ಅಲ್ಲಿಗೇ ನಿಲ್ಲಿಸತಕ್ಕುದು. ಈ ಮೂರನ್ನು ನೋಡುವುದಕ್ಕೆ ಹಣ ಬೇಕಿಲ್ಲವಾದುದರಿಂದ ಮೊದಲು ನೋಡತಕ್ಕವೂ ಇವೇ.

ಮೊದಲನೆಯದು ಗುರುತು. ಲೋಹದ ಮೇಲೆ ಒತ್ತಿರುವ ಚಾಸಿ ನಂಬರನ್ನು ಆರ್‌ಸಿಯೊಡನೆ ಅಕ್ಷರಾಕ್ಷರವಾಗಿ ಹೋಲಿಸಬೇಕು. ನಂಬರು ಹೊಂದಿದರೂ ಅದರ ಸುತ್ತಲಿನ ತಗಡು ನೆರೆಯ ತಗಡಿನಂತೆಯೇ ಇದೆಯೇ ಎಂಬುದನ್ನು ಬೆರಳಾಡಿಸಿ ತಿಳಿಯಬೇಕು. ಉಜ್ಜಿದ ಗೆರೆಗಳೋ ಬೆಸುಗೆಯ ಅಂಚೋ ತೋರಿದರೆ ಆ ಕಾರು ಕಳವಿನದಾಗಿರುವ ಸಂಭವವಿದ್ದು, ಮುಂದಿನ ಮಾತೇ ಬೇಡ. ಆರ್‌ಸಿಯಲ್ಲಿ ಬ್ಯಾಂಕಿನ ಹೈಪಾಥಿಕೇಷನ್ ನಮೂದಾಗಿರುವುದು ಇಂಥ ದೋಷವಲ್ಲ. ಬ್ಯಾಂಕಿನ ಒಪ್ಪಿಗೆಯೊಡನೆ ಫಾರಂ 35 ಸಲ್ಲಿಸಿ ಅದನ್ನು ತೆಗೆಸಿದ ಬಳಿಕ ಹಣ ಕೊಟ್ಟರಾಯಿತು.

ಎರಡನೆಯದು ಅಸ್ಥಿಪಂಜರ. ಇಂದಿನ ಸಣ್ಣ ಕಾರುಗಳಿಗೆ ಪ್ರತ್ಯೇಕ ಚೌಕಟ್ಟಿಲ್ಲ. ತಳ, ಕಂಬಗಳು, ಇಂಜಿನ್ನಿನ ಇಕ್ಕೆಲದ ಏಪ್ರನ್ನುಗಳು ಒಂದಕ್ಕೊಂದು ಬೆಸೆದು ಒಡಲೇ ಚೌಕಟ್ಟಾಗಿದೆ. ಬಾನೆಟ್ ಎತ್ತಿ ಏಪ್ರನ್ನಿನ ಅಂಚನ್ನು ನೋಡಿದರೆ ಕಾರ್ಖಾನೆಯ ಬೆಸುಗೆಯು ಸಮಾನ ಅಂತರದಲ್ಲಿ ಬಿದ್ದ ಸಣ್ಣ ದುಂಡು ಗುಳಿಗಳ ಸಾಲಾಗಿ ಕಾಣುತ್ತದೆ. ಒಂದು ಪಕ್ಕದಲ್ಲಿ ಆ ಸಾಲು ಮಾಯವಾಗಿ ಗಂಟುಗಂಟಾದ ಬೆಸುಗೆಯೂ ಉಜ್ಜಿದ ಗುರುತೂ ಕಂಡರೆ ಅಲ್ಲಿ ದೊಡ್ಡ ಅಪಘಾತವೊಂದು ಅಡಗಿದೆ. ಡಿಕ್ಕಿಯಲ್ಲಿ ಸ್ಟೆಪ್ನಿಯನ್ನೆತ್ತಿ ಅದರ ಗುಳಿಯ ತಗಡು ಸುಕ್ಕುಗಟ್ಟಿದೆಯೇ ಎಂದೂ ನೋಡಬೇಕು. ಅಪಘಾತದ ಹೊಡೆತವನ್ನು ತಾವು ಮಡಿಚಿಕೊಂಡು ಹೀರಲೆಂದೇ ರಚಿತವಾದ ಮುಂಭಾಗದ ತೊಲೆಗಳು ಒಮ್ಮೆ ಮಡಿಚಿ ಎಳೆದು ನೇರ್ಪಡಿಸಲ್ಪಟ್ಟ ಮೇಲೆ, ಎರಡನೆಯ ಬಾರಿ ಅದೇ ಕ್ರಮದಲ್ಲಿ ಮಡಿಚುವುವೆಂಬ ಭರವಸೆಯಿಲ್ಲ. ಬಾಗಿಲಿಗೋ ಬಂಪರಿಗೋ ಟಿಂಕರಿಂಗ್ ಆಗಿ ಬಣ್ಣ ಬಳಿದಿದ್ದರೆ ಅದು ಬೆಲೆಯ ವಿಷಯ ಮಾತ್ರ.

ಮೂರನೆಯದು ತಂತಿಗಳ ಜಾಲ; ಅದನ್ನು ಕೆಡಿಸುವುದು ಜಲಬಾಧೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಜಲಾವೃತವಾದಾಗ ಅನೇಕ ಕಾರುಗಳು ಮುಳುಗಿದುವು. ಮುಳುಗಿದ ಕಾರಿನ ಸೀಟುಗಳನ್ನು ತೊಳೆಯಬಹುದು, ಸುಗಂಧವನ್ನೂ ಸಿಂಪಡಿಸಬಹುದು. ಆದರೆ ಸೀಟ್ ಬೆಲ್ಟನ್ನು ಪೂರ್ತಿಯಾಗಿ ಹೊರಗೆಳೆದರೆ, ಸುರುಳಿಯೊಳಗೆ ಅವಿತಿದ್ದ ಕೊನೆಯ ಗೇಣಿನಲ್ಲಿ ಕೆಸರಿನ ಕಲೆಯು ಹಾಗೆಯೇ ಉಳಿದಿರುವುದುಂಟು. ಕಾರ್ಪೆಟ್ಟಿನ ಕೆಳಗಿನ ತೇವ, ಸೀಟಿನ ಹಳಿಗಳ ತುಕ್ಕು ಇವು ಪೋಷಕ ಸಾಕ್ಷ್ಯಗಳು. ತಂತಿಗಳ ಜೋಡಣೆಗಳಲ್ಲಿ ಸೇರಿದ ತೇವವು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಕಿಲುಬು ಹಿಡಿಸುವುದರಿಂದ, ಇಂದು ನಿರ್ದೋಷವಾಗಿ ಓಡುವ ಕಾರಿನಲ್ಲಿ ನಾಳೆ ಯಾವ ಅಂಗ ಕೆಡುವುದೆಂದು ಯಾವ ಮೆಕ್ಯಾನಿಕ್ಕೂ ಹೇಳಲಾರ. ಊಹಿಸಲಾಗದ ಖರ್ಚಿಗೆ ಕ್ರಯದಲ್ಲಿ ಕಡಿತ ಕೇಳುವುದೂ ಸಾಧ್ಯವಿಲ್ಲ.

ಈ ಮೂರನ್ನೂ ದಾಟಿದ ಕಾರಿನ ಇಂಜಿನ್ನಿಗಾಗಿ ಮಾತ್ರ ಗ್ಯಾರೇಜಿಗೆ ಹಣ ತೆರುವುದು ವಿವೇಕ. ಕಾರನ್ನು ನೋಡಲು ಹೋದೊಡನೆ ಬಾನೆಟ್ಟನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ, ತಣ್ಣನೆಯ ಇಂಜಿನ್ ತೋರಿಸಬಹುದಾದ ದೋಷವನ್ನು ಮುಚ್ಚಲು ಮೊದಲೇ ಚಾಲೂ ಮಾಡಿರಬಹುದು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟು ಸಿಲಿಂಡರಿಗೆ ಸೇರುತ್ತಿದೆಯೆಂದು ಶಂಕಿಸಬೇಕು.

ನಿರ್ಣಯವನ್ನು ಕೊಡುವುದು ಕಂಪ್ರೆಷನ್ ಪರೀಕ್ಷೆ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರೊಂದರಲ್ಲಿ ಅಳತೆಯು ಕ್ರಮವಾಗಿ 12, 12, 7, 12 ಬಾರ್ ಬಂದಿತೆನ್ನೋಣ. ಮೂರನೆಯ ಸಿಲಿಂಡರಿಗೆ ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ 7 ಇದ್ದುದು 10ಕ್ಕೆ ಏರಿದರೆ, ಆಯಿಲು ಪಿಸ್ಟನ್ ರಿಂಗಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತೆಂದರ್ಥ. ರಿಂಗೋ ಸಿಲಿಂಡರಿನ ಗೋಡೆಯೋ ಸವೆದಿರುವುದರಿಂದ ಇಂಜಿನ್ನನ್ನು ಪೂರ್ತಿ ಬಿಚ್ಚಬೇಕಾಗುತ್ತದೆ. ಏರದೆ 7ರಲ್ಲಿಯೇ ನಿಂತರೆ ಸೋರಿಕೆಯು ವಾಲ್ವಿನಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ ಇದ್ದು, ಹೆಡ್ಡನ್ನು ಮಾತ್ರ ಇಳಿಸಿದರೆ ಸಾಮಾನ್ಯವಾಗಿ ಸಾಕು. ಎರಡೂ ಸವೆತದ ಪಂಕ್ತಿಗೇ ಸೇರಿದುವು, ಎರಡಕ್ಕೂ ಗ್ಯಾರೇಜಿನವನು ಲಿಖಿತ ಅಂದಾಜು ಕೊಡಬಲ್ಲ. ಆ ಅಂದಾಜನ್ನು ಕಳೆದು ಉಳಿದ ಬೆಲೆಗೆ ಮಾರುವವನು ಒಪ್ಪಿದರೆ ಕಾರು ನಿಮ್ಮದು. ಪರೀಕ್ಷೆಗೇ ಆತ ಒಪ್ಪದಿದ್ದರೆ ಅದನ್ನೂ ವ್ಯಾಪಾರ ಮುರಿಯತಕ್ಕ ನಾಲ್ಕನೆಯ ಕಾರಣವೆಂದು ಎಣಿಸಬೇಕು.