ಲ್ಯಾಪ್‌ಟಾಪ್ ಹೋದರೂ ಕಡತ ಸಿಗದಂತೆ

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿಕೊಂಡು ಅದರೊಳಗೆ ಲಿನಕ್ಸ್ ನಡೆಸುವ ಒಬ್ಬ ಲೆಕ್ಕಪರಿಶೋಧಕರಿದ್ದಾರೆ ಎಂದುಕೊಳ್ಳಿ. ಗ್ರಾಹಕರ ತೆರಿಗೆ ಕಡತಗಳೆಲ್ಲ ಆ ಲಿನಕ್ಸ್‌ನಲ್ಲಿವೆ. ವಿಂಡೋಸ್‌ಗೂ ಲಿನಕ್ಸ್‌ಗೂ ಬೇರೆ ಬೇರೆ ಪಾಸ್‌ವರ್ಡ್ ಇದೆ. ಲ್ಯಾಪ್‌ಟಾಪ್ ಕಳುವಾದರೆ ಈ ಎರಡೂ ಪಾಸ್‌ವರ್ಡ್‌ಗಳು ಕಡತಗಳನ್ನು ಕಾಯುವುದಿಲ್ಲ.

ಲಿನಕ್ಸ್‌ನ ಇಡೀ ಡಿಸ್ಕ್ ವಿಂಡೋಸ್‌ನ ಕಣ್ಣಿಗೆ `.vdi` ಎಂಬ ಒಂದೇ ಕಡತ. ಲ್ಯಾಪ್‌ಟಾಪಿಗೆ ಬಿಟ್‌ಲಾಕರ್ ಹಾಕಿರದಿದ್ದರೆ, ಕದ್ದವನು ಅದರ ಎಸ್‌ಎಸ್‌ಡಿ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರಾಯಿತು. ಸೆವೆನ್-ಜಿಪ್‌ನಂಥ ಉಚಿತ ತಂತ್ರಾಂಶ ಆ ಕಡತವನ್ನು ನೇರವಾಗಿ ತೆರೆಯಬಲ್ಲದು. ಲಿನಕ್ಸ್ ಚಾಲೂ ಆಗದಿದ್ದ ಮೇಲೆ ಅದು ಪಾಸ್‌ವರ್ಡ್ ಕೇಳುವ ಪ್ರಶ್ನೆಯೇ ಬರುವುದಿಲ್ಲ.

ಆದ್ದರಿಂದ ಗೂಢಲಿಪಿ ಬೇಕಾದದ್ದು ಆ ಡಿಸ್ಕ್ ಕಡತಕ್ಕೇ. ಮೊದಲು ಬ್ಯಾಕಪ್ ತೆಗೆದು, ವರ್ಚುವಲ್‌ಬಾಕ್ಸ್‌ನ ಎಕ್ಸ್‌ಟೆನ್ಷನ್ ಪ್ಯಾಕ್ ಹಾಕಿಕೊಂಡು, ಲಿನಕ್ಸನ್ನು ಪೂರ್ತಿ ಶಟ್‌ಡೌನ್ ಮಾಡಿ, ವಿಂಡೋಸ್‌ನಲ್ಲಿ ಈ ಆದೇಶ ಕೊಡಬೇಕು:

```
VBoxManage encryptmedium "lekka.vdi" --newpassword - --cipher "AES-XTS256-PLAIN64" --newpasswordid "lekka"
```

ಅಡ್ಡಗೆರೆಯ ಜಾಗದಲ್ಲಿ ಪಾಸ್‌ವರ್ಡ್ ಬರೆಯಬೇಡಿ, ತಂತ್ರಾಂಶವೇ ಕೇಳುತ್ತದೆ. ಡಿಸ್ಕ್ ದೊಡ್ಡದಿದ್ದಷ್ಟೂ ಕೆಲಸ ಮುಗಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆಮೇಲೆ ಲಿನಕ್ಸ್ ಶುರುಮಾಡಿದರೆ ವರ್ಚುವಲ್‌ಬಾಕ್ಸ್ ಮೊದಲು ಪಾಸ್‌ವರ್ಡ್ ಕೇಳಬೇಕು. ಅದೇ ಕಡತವನ್ನು ಸೆವೆನ್-ಜಿಪ್‌ನಲ್ಲಿ ತೆರೆದು ನೋಡಿ, ಒಳಗಿನ ಫೋಲ್ಡರುಗಳು ಕಾಣಬಾರದು.

ಡಿಸ್ಕ್‌ನ ನಿಜವಾದ ಕೀಲಿ ನೀವು ಕೊಟ್ಟ ಪಾಸ್‌ವರ್ಡ್ ಅಲ್ಲ. ಆ ಕೀಲಿ, ಪಾಸ್‌ವರ್ಡ್‌ನಿಂದ ಮುಚ್ಚಿದ ರೂಪದಲ್ಲಿ, ಯಂತ್ರದ ಸೆಟ್ಟಿಂಗ್‌ಗಳಿರುವ `.vbox` ಕಡತದಲ್ಲಿರುತ್ತದೆ. `.vdi` ಒಂದನ್ನೇ ಬ್ಯಾಕಪ್ ಮಾಡಿ `.vbox` ಬಿಟ್ಟರೆ, ಪಾಸ್‌ವರ್ಡ್ ಬಾಯಿಪಾಠವಿದ್ದರೂ ಕಡತಗಳು ಮರಳಿ ಸಿಗವು. ಪಾಸ್‌ವರ್ಡ್ ಮರೆತರೂ ಅದೇ ಗತಿ.

ಹೆಚ್ಚಿನವರು ಎಡವುವುದು ಮಾತ್ರ ಇನ್ನೊಂದು ಕಡೆ. ಸಂಜೆ ಕೆಲಸ ಮುಗಿಸುವಾಗ ಶಟ್‌ಡೌನ್ ಬದಲು ‘ಸೇವ್ ಸ್ಟೇಟ್’ ಒತ್ತಿದರೆ, ಆ ಕ್ಷಣ ಲಿನಕ್ಸ್‌ನ ರ್‍ಯಾಮ್‌ನಲ್ಲಿದ್ದುದೆಲ್ಲ `.sav` ಕಡತವಾಗಿ ಉಳಿಯುತ್ತದೆ. ಡಿಸ್ಕ್‌ನ ಗೂಢಲಿಪಿ ಇದಕ್ಕೆ ತಾಕುವುದಿಲ್ಲ. ತೆರೆದಿಟ್ಟ ತೆರಿಗೆ ಪಟ್ಟಿ ಅದರಲ್ಲಿ ಬಯಲಾಗಿಯೇ ಇರಬಹುದು. ಶೇರ್ಡ್ ಫೋಲ್ಡರಿಗೆ ಹಾಕಿದ್ದೂ ವಿಂಡೋಸ್‌ನ ಮಾಮೂಲಿ ಕಡತವೇ. ಇನ್ನು ಲಿನಕ್ಸ್ ನಡೆಯುತ್ತಿರುವಾಗ ಕೀಲಿ ಲ್ಯಾಪ್‌ಟಾಪಿನ ರ್‍ಯಾಮ್‌ನಲ್ಲಿರುತ್ತದೆ. ಹಾಗೇ ಮುಚ್ಚಳ ಮುಚ್ಚಿ ಸ್ಲೀಪ್‌ನಲ್ಲಿಟ್ಟ ಲ್ಯಾಪ್‌ಟಾಪ್ ಕಳುವಾದರೆ ಆ ಕೀಲಿಯೂ ಕಳ್ಳನ ಜೊತೆ ಹೋದಂತೆ.

ಬಿಟ್‌ಲಾಕರನ್ನೂ ಹಾಕಿದರೆ `.sav` ಕಡತ ಮತ್ತು ಶೇರ್ಡ್ ಫೋಲ್ಡರ್ ಎರಡೂ ರಕ್ಷಣೆಯೊಳಗೆ ಬರುತ್ತವೆ. ಆಗಲೂ ಪ್ರಯಾಣಕ್ಕೆ ಹೊರಡುವ ಮುನ್ನ ಲಿನಕ್ಸನ್ನು ಶಟ್‌ಡೌನ್ ಮಾಡಿ, ಆಮೇಲೆ ಲ್ಯಾಪ್‌ಟಾಪನ್ನೂ ಪೂರ್ತಿ ಆಫ್ ಮಾಡಬೇಕು.