ಅಮ್ಮನ ಆರೈಕೆಗೆ ಮನೆಯಿಂದ ಕೆಲಸ: ಮ್ಯಾನೇಜರಿಗೆ ಏನು ಬರೆಯಬೇಕು?

‘ಅಮ್ಮನಿಗೆ ಹುಷಾರಿಲ್ಲ ಸರ್, ಸ್ವಲ್ಪ ದಿನ ವರ್ಕ್ ಫ್ರಮ್ ಹೋಮ್ ಬೇಕಿತ್ತು.’ ಹೆಚ್ಚಿನವರು ಕಳಿಸುವುದು ಇಷ್ಟೇ. ಮ್ಯಾನೇಜರ್ ಒಳ್ಳೆಯವರೇ ಆದರೂ ಇದನ್ನು ಹಿಡಿದು ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ. ಸ್ವಲ್ಪ ದಿನ ಎಂದರೆ ಎಷ್ಟು? ಆ ದಿನಗಳಲ್ಲಿ ಕೆಲಸ ನಡೆಯುತ್ತದೆಯೇ? ಅವರೂ ಎಚ್‌ಆರ್‌ಗೆ ಉತ್ತರ ಕೊಡಬೇಕಲ್ಲ.

ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿರುವ ಮಗಳೊಬ್ಬಳನ್ನು ಊಹಿಸಿಕೊಳ್ಳಿ. ತಾಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಆಗಿದೆ. ಮೊದಲು ಫೋನಿನಲ್ಲಿ ಮಾತಾಡಿ, ಆಮೇಲೆ ಅವಳು ಹೀಗೊಂದು ಮೇಲ್ ಕಳಿಸಬಹುದು:

‘ಸರ್, ತಾಯಿಗೆ ಸೊಂಟದ ಆಪರೇಷನ್ ಆಗಿದೆ. ವಾಕರ್ ಹಿಡಿದು ಓಡಾಡುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಬರುವ ಸೋಮವಾರದಿಂದ ಆರು ವಾರ, ಮಂಗಳವಾರ, ಬುಧವಾರ ಮತ್ತು ಶುಕ್ರವಾರ ಮನೆಯಿಂದ ಕೆಲಸ ಮಾಡಲು ಅನುಮತಿ ಕೊಡಬೇಕೆಂದು ಕೋರುತ್ತೇನೆ. ಉಳಿದೆರಡು ದಿನ ತಂಗಿ ಇರುತ್ತಾಳೆ, ನಾನು ಆಫೀಸಿಗೆ ಬರುತ್ತೇನೆ. ಮನೆಯಲ್ಲಿರುವ ದಿನ 11ರಿಂದ 12ರವರೆಗೆ ಫಿಸಿಯೋಥೆರಪಿ ಇರುವುದರಿಂದ ಫೋನಿಗೆ ಸಿಗುವುದಿಲ್ಲ. ಆ ಗಂಟೆಯನ್ನು ಸಂಜೆ ತುಂಬಿಕೊಡುತ್ತೇನೆ. ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನ ಆಫೀಸಿನಲ್ಲೇ ಇರುತ್ತೇನೆ. ಚೆಕಪ್‌ಗೆ ಕರೆದೊಯ್ಯುವ ದಿನ ರಜೆ ಹಾಕುತ್ತೇನೆ. ಮೂರು ವಾರವಾದ ಮೇಲೆ ಹೇಗೆ ನಡೆಯುತ್ತಿದೆ ಎಂದು ಒಮ್ಮೆ ಮಾತಾಡೋಣ.’

ಇದರಲ್ಲಿ ಕಾಯಿಲೆಯ ಬಗ್ಗೆ ಇರುವುದು ಎರಡೇ ವಾಕ್ಯ. ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇಗಳನ್ನು ಕೇಳದೆ ಕಳಿಸಬೇಕಾಗಿಲ್ಲ. ಅವು ತಾಯಿಯ ಖಾಸಗಿ ವಿಷಯ. ಫೋನಿಗೆ ಸಿಗದ ಒಂದು ಗಂಟೆಯನ್ನು ಮೊದಲೇ ಹೇಳಿದ್ದು ಬಹಳ ಮುಖ್ಯ. ಹೇಳದಿದ್ದರೆ, ಎರಡು ಸಲ ಫೋನ್ ಎತ್ತದ ಮೇಲೆ ‘ಮನೆಯಲ್ಲಿ ಕೆಲಸವೇ ಮಾಡುತ್ತಿಲ್ಲ’ ಎಂಬ ಮಾತು ಹುಟ್ಟಿಕೊಳ್ಳುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸಿಕ್ಕ ‘ಓಕೆ’ಯನ್ನೂ ನೆಚ್ಚಿಕೊಂಡು ಕೂರಬೇಡಿ. ಮ್ಯಾನೇಜರ್ ಬದಲಾದರೆ ಉಪಯೋಗಕ್ಕೆ ಬರುವುದು ಮೇಲ್‌ನಲ್ಲಿರುವ ಒಪ್ಪಿಗೆ.

ಇದನ್ನು ಹಕ್ಕೆಂದು ಕೇಳಲು ಕಾನೂನಿನ ಬಲವಿಲ್ಲ. ಹೆತ್ತವರನ್ನು ನೋಡಿಕೊಳ್ಳುವ ಹೊಣೆಯನ್ನು 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳ ಮೇಲೆ ಹೊರಿಸಿದೆ. ಅದಕ್ಕಾಗಿ ಮನೆಯಿಂದ ಕೆಲಸ ಕೊಡಿ ಎಂದು ಕಂಪನಿಗೆ ಹೇಳಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಸದ್ಯಕ್ಕೆ ಕಂಪನಿಯ ನಿಯಮ ಓದಿಕೊಂಡೇ ಕೇಳಬೇಕು. ಮೂರು ದಿನಕ್ಕೆ ಒಪ್ಪದಿದ್ದರೆ ಎರಡು ದಿನ, ಅದೂ ಆಗದಿದ್ದರೆ ಫಿಸಿಯೋ ಮುಗಿಸಿ ತಡವಾಗಿ ಬರುವ ಅವಕಾಶ ಕೇಳಬಹುದು.

ಆದರೆ ತಾಯಿಯನ್ನು ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಕೂರಿಸಬೇಕಾದ ಸ್ಥಿತಿಯಿದ್ದರೆ ಮನೆಯಿಂದ ಕೆಲಸ ಆಗುವುದಿಲ್ಲ. ಆಗ ಕೇಳಬೇಕಾದದ್ದು ರಜೆ, ಇಲ್ಲವೇ ಹಗಲಿಗೆ ಒಬ್ಬ ಆಯಾ ಬೇಕು. ಚೇತರಿಕೆ ನಿಧಾನವಾಗುತ್ತಿದ್ದರೆ ಆರನೇ ವಾರ ಮುಗಿಯುವವರೆಗೆ ಕಾಯದೆ, ಐದನೇ ವಾರದಲ್ಲೇ ಹೊಸ ದಿನಾಂಕ ಹಾಕಿ ಅದೇ ಮೇಲ್‌ನ ಕೆಳಗೆ ಬರೆಯಿರಿ.