ಇಸವಿ ಮೊದಲು, ತಾರೀಖು ಕೊನೆಗೆ

05/04/2024 ಎಂದು ಬರೆದದ್ದನ್ನು ಮೈಸೂರಿನವರು ಏಪ್ರಿಲ್ ಐದು ಎಂದು ಓದುತ್ತಾರೆ, ಡಲ್ಲಾಸ್‌ನವರು ಮೇ ನಾಲ್ಕು ಎಂದು. ಇಬ್ಬರೂ ತಮ್ಮ ತಮ್ಮ ರೂಢಿಯಲ್ಲಿ ಸರಿಯೇ. ನಮ್ಮಲ್ಲಿ ತಾರೀಖು ಮೊದಲು ಬರುತ್ತದೆ, ಅಮೆರಿಕದಲ್ಲಿ ತಿಂಗಳು ಮೊದಲು. ಇಬ್ಬರೂ ಬೇರೆ ಬೇರೆ ಪುಸ್ತಕದಲ್ಲಿ ಲೆಕ್ಕ ಬರೆಯುವವರೆಗೆ ಇದರಿಂದ ತೊಂದರೆಯಿಲ್ಲ. ಒಂದೇ ಸ್ಪ್ರೆಡ್‌ಶೀಟ್ ಹಂಚಿಕೊಂಡಾಗ ಮಾತ್ರ ಎಡವಟ್ಟು ಶುರುವಾಗುತ್ತದೆ.

ಗೊಂದಲ ಎಲ್ಲ ದಿನಗಳಲ್ಲೂ ಇಲ್ಲ. 16/04/2024 ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ, ಏಕೆಂದರೆ ಹದಿನಾರನೇ ತಿಂಗಳು ಎಂಬುದಿಲ್ಲ. ತಿಂಗಳ ಮೊದಲ 12 ದಿನಗಳಲ್ಲಷ್ಟೇ ಎರಡು ಅರ್ಥ ಹುಟ್ಟುತ್ತವೆ. ವರ್ಷಕ್ಕೆ ಅಂಥವು 144 ದಿನ. ಅದರಲ್ಲಿ 4/4, 5/5ರಂಥ 12 ದಿನಗಳನ್ನು ಹೇಗೆ ತಿರುಗಿಸಿದರೂ ಅದೇ ದಿನ. ಅವನ್ನು ಬಿಟ್ಟರೆ 132 ದಿನ ಉಳಿಯುತ್ತವೆ. ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಎಲ್ಲವೂ ತಪ್ಪಾಗಿದ್ದರೆ ಮೊದಲ ದಿನವೇ ಯಾರಾದರೂ ಗಮನಿಸುತ್ತಿದ್ದರು. ಒಂದಷ್ಟು ತಪ್ಪಿ ಒಂದಷ್ಟು ಸರಿಯಿರುವುದರಿಂದಲೇ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಳೆಯ ವಿದ್ಯಾರ್ಥಿಗಳ ಒಂದು ಸಂಘವಿದೆ ಎನ್ನಿ. ವಿದ್ಯಾರ್ಥಿವೇತನಕ್ಕೆ ದೇಣಿಗೆ ಸಂಗ್ರಹಿಸುತ್ತಿದ್ದಾರೆ. ರಸೀದಿ ಬರೆಯುವವರು ಮೈಸೂರಿನಲ್ಲಿ, ಲೆಕ್ಕ ನೋಡುವವರು ಡಲ್ಲಾಸ್‌ನಲ್ಲಿ. ಮೈಸೂರಿನಿಂದ ಹೋದ ಸಿಎಸ್‌ವಿ ಕಡತದಲ್ಲಿ ರಸೀದಿ ಸಂಖ್ಯೆ, ದಿನಾಂಕ, ಮೊತ್ತ ಹೀಗಿವೆ:

```
101,28/03/2024,2000
102,04/04/2024,1500
103,05/04/2024,5000
104,16/04/2024,1000
105,02/05/2024,3000
```

ಏಪ್ರಿಲ್‌ನಲ್ಲಿ ಬಂದದ್ದು 102, 103, 104ನೇ ರಸೀದಿಗಳು, ಒಟ್ಟು 7,500 ರೂಪಾಯಿ. ಈಗ ಇದೇ ಕಡತವನ್ನು ಡಲ್ಲಾಸ್‌ನ ಕಂಪ್ಯೂಟರ್‌ನಲ್ಲಿ ಎಕ್ಸೆಲ್‌ನಿಂದ ನೇರವಾಗಿ ತೆರೆಯುತ್ತಾರೆ. ಸಿಎಸ್‌ವಿ ಕಡತದಲ್ಲಿ ಇರುವುದು ಬರೀ ಅಕ್ಷರ. ದಿನಾಂಕ ಯಾವುದು, ಯಾವ ಕ್ರಮದ್ದು ಎಂಬ ಮಾಹಿತಿ ಅದರಲ್ಲಿಲ್ಲ. ಎಕ್ಸೆಲ್ ತಾನಿರುವ ಕಂಪ್ಯೂಟರ್‌ನ ಪ್ರಾದೇಶಿಕ ಸೆಟ್ಟಿಂಗ್ ನೋಡಿಕೊಂಡು ಅರ್ಥ ಮಾಡುತ್ತದೆ. ಅಲ್ಲಿನ ಸೆಟ್ಟಿಂಗ್ ಪ್ರಕಾರ ತಿಂಗಳು ಮೊದಲು. ಹಾಗಾಗಿ 103ನೇ ರಸೀದಿ ಮೇ ನಾಲ್ಕಕ್ಕೆ ಹೋಗುತ್ತದೆ, 105ನೆಯದು ಫೆಬ್ರುವರಿ ಐದಕ್ಕೆ. 102 ಎರಡು ಕಡೆಯಿಂದ ಓದಿದರೂ ಏಪ್ರಿಲ್ ನಾಲ್ಕೇ ಆದ್ದರಿಂದ ಬಚಾವಾಗುತ್ತದೆ. 101 ಮತ್ತು 104ರಲ್ಲಿ ತಿಂಗಳ ಜಾಗದಲ್ಲಿ 28, 16 ಇವೆ. ಅವು ದಿನಾಂಕವೇ ಅಲ್ಲ ಎಂದುಕೊಂಡು ಎಕ್ಸೆಲ್ ಅವನ್ನು ಅಕ್ಷರವಾಗಿಯೇ ಉಳಿಸಿಬಿಡುತ್ತದೆ.

ಇಷ್ಟೆಲ್ಲ ಆದರೂ ಪರದೆ ಮಾತ್ರ ಹೆಚ್ಚುಕಮ್ಮಿ ಮೊದಲಿನಂತೆಯೇ ಕಾಣುತ್ತದೆ. 05/04/2024 ಇದ್ದಲ್ಲಿ 5/4/2024 ಎಂದಿರುತ್ತದೆ, ಸೊನ್ನೆ ಹೋಗಿದೆ ಅಷ್ಟೆ. ಆದರೆ ಏಪ್ರಿಲ್ ತಿಂಗಳ ಮೊತ್ತ ಕೇಳಿದರೆ 102ನೇ ರಸೀದಿಯ 1,500 ರೂಪಾಯಿ ಮಾತ್ರ ಬರುತ್ತದೆ. ದಿನಾಂಕದ ಪ್ರಕಾರ ಸಾರ್ಟ್ ಮಾಡಿದರೆ 105, 102, 103, 104, 101 ಎಂಬ ಕ್ರಮ ಬರುತ್ತದೆ. ಮೇ ತಿಂಗಳ ರಸೀದಿ ಎಲ್ಲಕ್ಕಿಂತ ಮೇಲೆ, ಮಾರ್ಚ್‌ನದು ಎಲ್ಲಕ್ಕಿಂತ ಕೆಳಗೆ.

ಇದೇ ಐದು ದಿನಾಂಕಗಳನ್ನು ಇಸವಿ, ತಿಂಗಳು, ತಾರೀಖು ಎಂಬ ಕ್ರಮದಲ್ಲಿ ಬರೆದಿದ್ದರೆ?

```
2024-03-28
2024-04-04
2024-04-05
2024-04-16
2024-05-02
```

ಇದು ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1988ರಲ್ಲಿ ಪ್ರಕಟಿಸಿದ ಐಎಸ್‌ಒ 8601 ಮಾನಕದ ರೂಪ. ನಾಲ್ಕು ಅಂಕಿಯ ಇಸವಿ, ಎರಡು ಅಂಕಿಯ ತಿಂಗಳು, ಎರಡು ಅಂಕಿಯ ತಾರೀಖು, ನಡುವೆ ಅಡ್ಡಗೆರೆ. ಸ್ವೀಡನ್‌ನಂಥ ಕೆಲವು ದೇಶಗಳಲ್ಲಿ ಜನ ದಿನನಿತ್ಯ ಬರೆಯುವುದೂ ಹೀಗೆಯೇ. ಇಲ್ಲಿ ಎರಡು ಲಾಭಗಳಿವೆ, ಎರಡಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದು ಅರ್ಥದ ಲಾಭ. ಮುಂದೆ ನಾಲ್ಕು ಅಂಕಿಯ ಇಸವಿ ಕಂಡ ಕೂಡಲೇ ಓದುವವರಿಗೂ ತಂತ್ರಾಂಶಕ್ಕೂ ಮುಂದಿನ ಕ್ರಮ ಗೊತ್ತಾಗುತ್ತದೆ. ಇಸವಿಯ ನಂತರ ತಾರೀಖು, ಆಮೇಲೆ ತಿಂಗಳು ಎಂದು ಬರೆಯುವ ರೂಢಿ ಸಾಮಾನ್ಯವಾಗಿ ಎಲ್ಲೂ ಕಾಣುವುದಿಲ್ಲ. ಹೀಗಾಗಿ 2024-04-05 ಎಂದು ಟೈಪ್ ಮಾಡಿದರೆ ಮೈಸೂರಿನ ಎಕ್ಸೆಲ್ಲೂ ಡಲ್ಲಾಸ್‌ನ ಎಕ್ಸೆಲ್ಲೂ ಏಪ್ರಿಲ್ ಐದು ಎಂದೇ ತಿಳಿಯುತ್ತವೆ.

ಎರಡನೆಯದು ಜೋಡಣೆಯ ಲಾಭ. ಕಂಪ್ಯೂಟರ್ ಅಕ್ಷರಗಳ ಸಾಲುಗಳನ್ನು ಜೋಡಿಸುವುದು ನಿಘಂಟಿನಲ್ಲಿ ಪದ ಜೋಡಿಸಿದಂತೆ. ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತಾ ಹೋಗುತ್ತದೆ. ಮೊದಲ ವ್ಯತ್ಯಾಸ ಸಿಕ್ಕಲ್ಲಿಯೇ ತೀರ್ಮಾನ, ಮುಂದಕ್ಕೆ ನೋಡುವುದಿಲ್ಲ. ದಿನ, ತಿಂಗಳು ಎಂಬುದೇನೂ ಅದಕ್ಕೆ ಗೊತ್ತಿಲ್ಲ, 3 ಎಂಬುದು 4ಕ್ಕಿಂತ ಮೊದಲು ಎಂದಷ್ಟೇ ಗೊತ್ತು. ಎಡದಲ್ಲಿ ಮೊದಲು ಸಿಗುವುದು ತಾರೀಖಾಗಿದ್ದರೆ ಮೇ ಎರಡು ಮಾರ್ಚ್ ಇಪ್ಪತ್ತೆಂಟಕ್ಕಿಂತ ಮುಂದೆ ಬಂದು ಕೂರುತ್ತದೆ. ಇಸವಿ ಎಡದಲ್ಲಿದ್ದರೆ ಮೊದಲು ಇಸವಿಗಳ ಹೋಲಿಕೆ, ಅವು ಒಂದೇ ಆದರೆ ತಿಂಗಳುಗಳದು, ಅವೂ ಒಂದೇ ಆದರೆ ತಾರೀಖುಗಳದು. ನಾವು ಎರಡು ದಿನಗಳಲ್ಲಿ ಯಾವುದು ಮೊದಲು ಎಂದು ಲೆಕ್ಕ ಹಾಕುವುದೂ ಇದೇ ಕ್ರಮದಲ್ಲಿ. ಆದ್ದರಿಂದಲೇ ಏನೂ ತಿಳಿಯದ ಅಕ್ಷರ ಹೋಲಿಕೆಯೂ ಕ್ಯಾಲೆಂಡರ್‌ನ ಉತ್ತರವನ್ನೇ ಕೊಡುತ್ತದೆ. ಫೋಲ್ಡರ್‌ನಲ್ಲಿರುವ ಕಡತಗಳ ಹೆಸರಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಹೆಸರು ಬರೀ ಅಕ್ಷರವೇ ಹೊರತು ದಿನಾಂಕ ಅಲ್ಲ.

ಈ ಲೆಕ್ಕಕ್ಕೆ ಒಂದು ಷರತ್ತಿದೆ: ಅಂಕಿಗಳ ಜಾಗ ಕದಲಬಾರದು. ಸೆಪ್ಟೆಂಬರ್‌ಗೆ 09ರ ಬದಲು 9 ಎಂದು ಬರೆದರೆ 2024-10-05 ಎಂಬುದು 2024-9-30ಕ್ಕಿಂತ ಮೊದಲು ಬಂದುಬಿಡುತ್ತದೆ, ಏಕೆಂದರೆ ಆ ಜಾಗದಲ್ಲಿ 1 ಮತ್ತು 9ರ ಹೋಲಿಕೆ ನಡೆಯುತ್ತದೆ. ಆ ಸೊನ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ. ತಿಂಗಳ ಹೆಸರನ್ನೇ ಬರೆದರೆ ಆಗದೇ ಎಂದು ಕೇಳಬಹುದು. 5 ಏಪ್ರಿಲ್ 2024 ಎಂದು ಬರೆದರೆ ಅರ್ಥದ ಗೊಂದಲವೇನೋ ಹೋಗುತ್ತದೆ. ಜೋಡಣೆ ಮಾತ್ರ ಸರಿಹೋಗುವುದಿಲ್ಲ. ಮತ್ತೆ ತಾರೀಖೇ ಮುಂದಿದೆ. ಆಹ್ವಾನ ಪತ್ರಿಕೆಗೆ, ರಸೀದಿಗೆ ಆ ರೂಪವೇ ಚೆಂದ, ಹಂಚಿಕೊಂಡ ಪಟ್ಟಿಗೆ ಐಎಸ್‌ಒ ರೂಪ.

ಎಕ್ಸೆಲ್ ಬಳಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಎಕ್ಸೆಲ್ ದಿನಾಂಕವನ್ನು ಒಳಗೆ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1ಕ್ಕೆ 1 ಎಂದು ಎಣಿಕೆ ಶುರು; 2024ರ ಏಪ್ರಿಲ್ 5ರ ಸಂಖ್ಯೆ 45387. ಪರದೆಯ ಮೇಲೆ ಕಾಣುವುದು ಆ ಸಂಖ್ಯೆಗೆ ತೊಡಿಸಿದ ರೂಪ ಮಾತ್ರ. ನೀವು 2024-04-05 ಎಂದು ಟೈಪ್ ಮಾಡಿದರೂ ಎಂಟರ್ ಒತ್ತಿದ ಮೇಲೆ ಅದು 05-04-2024 ಎಂದು ಕಾಣಬಹುದು. ಕಂಪ್ಯೂಟರ್‌ನ ಸ್ಥಳೀಯ ರೂಪ ಅದು. ಒಳಗಿನ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಆದರೆ ಸಿಎಸ್‌ವಿ ಆಗಿ ಉಳಿಸಿದಾಗ ಹೊರಗೆ ಹೋಗುವುದು ಒಳಗಿನ ಸಂಖ್ಯೆಯಲ್ಲ, ಪರದೆಯಲ್ಲಿ ಕಂಡ ರೂಪ. ಐಎಸ್‌ಒ ರೂಪದಲ್ಲಿ ಬಂದ ಕಡತವನ್ನು ಸುಮ್ಮನೆ ತೆರೆದು ಉಳಿಸಿದರೂ ಸಾಕು, ಹಳೆಯ ಗೊಂದಲ ಮತ್ತೆ ಕಡತ ಸೇರುತ್ತದೆ. ಅದಕ್ಕೇ ದಿನಾಂಕದ ಕಾಲಂ ಪೂರ್ತಿ ಆಯ್ದು, `Format Cells` ಕಿಟಕಿಯ `Custom` ವಿಭಾಗದಲ್ಲಿ `yyyy-mm-dd` ಎಂದು ಬರೆದಿಡಬೇಕು. `Date` ವಿಭಾಗದಲ್ಲಿ ನಕ್ಷತ್ರ ಚಿಹ್ನೆ ಇರುವ ರೂಪಗಳನ್ನು ಆರಿಸಿದರೆ ಪ್ರಯೋಜನವಿಲ್ಲ, ಅವು ಕಂಪ್ಯೂಟರ್ ಬದಲಾದಂತೆ ತಾವೂ ಬದಲಾಗುತ್ತವೆ. ಗೂಗಲ್ ಶೀಟ್ಸ್‌ನಲ್ಲಿ ಆ ಶೀಟಿಗೇ ಒಂದು ಪ್ರಾದೇಶಿಕ ಸೆಟ್ಟಿಂಗ್ ಇರುತ್ತದೆ. `File` ಮೆನುವಿನ `Settings` ಒಳಗೆ ಅದನ್ನು ನೋಡಬಹುದು. ಅಲ್ಲಿ ಅಮೆರಿಕ ಎಂದಿದ್ದರೆ ಮೈಸೂರಿನಲ್ಲಿ ಕುಳಿತು ತುಂಬುವವರ 05/04 ಕೂಡ ಮೇ ನಾಲ್ಕಾಗುತ್ತದೆ.

ಈಗಾಗಲೇ ಕೆಟ್ಟಿರುವ ಕಾಲಂ ಗುರುತಿಸುವುದು ಕಷ್ಟವೇನಲ್ಲ. ನೀವಾಗಿ ಅಲೈನ್‌ಮೆಂಟ್ ಬದಲಿಸಿರದಿದ್ದರೆ ಎಕ್ಸೆಲ್ ದಿನಾಂಕಗಳನ್ನು ಬಲಕ್ಕೂ ಅಕ್ಷರಗಳನ್ನು ಎಡಕ್ಕೂ ಕೂರಿಸುತ್ತದೆ. ಒಂದೇ ಕಾಲಂನಲ್ಲಿ ಕೆಲವು ಎಡ, ಕೆಲವು ಬಲ ಕಂಡರೆ ಅನುಮಾನಿಸಿ. ಬಲಕ್ಕಿರುವ ಒಂದರಲ್ಲೂ ತಾರೀಖು 12 ದಾಟಿಲ್ಲ, ಎಡಕ್ಕಿರುವವೆಲ್ಲ 13 ಅಥವಾ ಅದಕ್ಕಿಂತ ಹೆಚ್ಚು ಎಂದಾದರೆ ತಿಂಗಳು, ತಾರೀಖು ಅದಲುಬದಲಾಗಿರುವುದು ಬಹುಮಟ್ಟಿಗೆ ಖಚಿತ. ನಮ್ಮ ಉದಾಹರಣೆಯಲ್ಲಿ ದಿನಾಂಕ ಎರಡನೇ ಕಾಲಂನಲ್ಲಿದೆ. ಮೂಲ ಕಡತ ಸಿಗದಿದ್ದರೆ ಪಕ್ಕದ ಖಾಲಿ ಕಾಲಂನಲ್ಲಿ ಈ ಸೂತ್ರ ಹಾಕಿ, ಫಲಿತಾಂಶಕ್ಕೆ `yyyy-mm-dd` ರೂಪ ಕೊಡಬಹುದು:

```
=IF(ISNUMBER(B1),
 DATE(YEAR(B1),DAY(B1),MONTH(B1)),
 DATE(RIGHT(B1,4),MID(B1,4,2),LEFT(B1,2)))
```

ಸಂಖ್ಯೆಯಾಗಿರುವ ದಿನಾಂಕದಲ್ಲಿ ಇದು ತಿಂಗಳು, ತಾರೀಖುಗಳನ್ನು ಮತ್ತೆ ಅದಲುಬದಲು ಮಾಡುತ್ತದೆ. ಅಕ್ಷರವಾಗಿ ಉಳಿದದ್ದರಲ್ಲಿ ಬಲದ ನಾಲ್ಕು ಅಂಕಿ ಇಸವಿ, ನಡುವಿನದು ತಿಂಗಳು, ಎಡದ್ದು ತಾರೀಖು ಎಂದು ಬಿಡಿಸಿಕೊಳ್ಳುತ್ತದೆ.

ಆದರೆ ಈ ಸೂತ್ರ ನಡೆಯುವುದು ಇಡೀ ಕಾಲಂ ಒಂದೇ ಬಗೆಯಲ್ಲಿ ಕೆಟ್ಟಿದ್ದರೆ ಮಾತ್ರ. ಅಷ್ಟರಲ್ಲಿ ಡಲ್ಲಾಸ್‌ನವರು ಏಪ್ರಿಲ್ 20ರ ದೇಣಿಗೆಯನ್ನು ತಮ್ಮ ರೂಢಿಯಲ್ಲಿ ಸರಿಯಾಗಿಯೇ ಸೇರಿಸಿದ್ದರೆ, ಸೂತ್ರ ಅದನ್ನೂ ತಿರುಗಿಸುತ್ತದೆ. 2024ರ ಇಪ್ಪತ್ತನೇ ತಿಂಗಳು ಎಂದಾಗ ಎಕ್ಸೆಲ್ ತಪ್ಪು ತೋರಿಸುವುದಿಲ್ಲ. ಮುಂದಿನ ವರ್ಷಕ್ಕೆ ಎಣಿಸಿಕೊಂಡು ಹೋಗಿ 2025ರ ಆಗಸ್ಟ್ 4 ಎಂದು ಉತ್ತರ ಕೊಡುತ್ತದೆ. ಅವರು ಸೇರಿಸಿದ್ದು ಏಪ್ರಿಲ್ 10ರ ದೇಣಿಗೆಯಾಗಿದ್ದರಂತೂ ಅದು ಅಕ್ಟೋಬರ್ 4 ಆಗುತ್ತದೆ. ಮೊದಲಿಂದ ಕೆಟ್ಟದ್ದು ಯಾವುದು, ಸರಿಯಿದ್ದದ್ದು ಯಾವುದು ಎಂದು ಆ ಕೋಶವನ್ನಷ್ಟೇ ನೋಡಿ ಹೇಳುವಂತಿಲ್ಲ. ಆಗ ದಾರಿ ತೋರುವುದು ರಸೀದಿ ಸಂಖ್ಯೆ. ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ದಿನಾಂಕವೂ ಮುಂದಕ್ಕೇ ಸಾಗಬೇಕು. ಎಲ್ಲಿ ಹಿಂದಕ್ಕೆ ಜಿಗಿದಿದೆಯೋ ಆ ಸಾಲಿನ ಆಸುಪಾಸಿನಲ್ಲಿ ತಪ್ಪಿದೆ ಎಂದರ್ಥ. ರಸೀದಿ ಸಂಖ್ಯೆಯಂಥ ಎರಡನೇ ಸಾಕ್ಷಿ ಇಲ್ಲದ ಪಟ್ಟಿಯಾದರೆ ಬ್ಯಾಂಕ್ ಪಾಸ್‌ಬುಕ್ ತೆಗೆದು ಒಂದೊಂದೇ ಸಾಲು ತಾಳೆ ನೋಡುವುದಲ್ಲದೆ ಬೇರೆ ದಾರಿಯಿಲ್ಲ.